ಫಾರಿನ್ ಗೆಸ್ಟ್‌ಗೆ ರೇಟ್ ಯಾವುದರಲ್ಲಿ ಹೇಳಬೇಕು?

"ನಮ್ಗೆ ಜರ್ಮನಿ, ಇಂಗ್ಲೆಂಡ್ ಕಡೆಯಿಂದ ಗ್ರೂಪ್ ಬರ್ತವೆ ಸಾರ್. ರೂಮ್ ರೇಟನ್ನ ಯೂರೋದಲ್ಲೇ ಹಾಕಿಬಿಡೋದಾ, ಇಲ್ಲ ರೂಪಾಯಿಲೇ ಇಡೋದಾ?"

ರೂಪಾಯಿಯಲ್ಲೇ ಇಡಿ. ಏಜೆಂಟ್ ಯೂರೋನೇ ಬೇಕು ಅಂತ ಹಟ ಹಿಡಿದರೆ ಕೊಡಿ, ಆದರೆ ಒಂದು ಷರತ್ತು ಹಾಕಿ ಕೊಡಿ.

ಮೈಸೂರಿನ ಹೋಟೆಲಿನವರಿಗೆ ಖರ್ಚೆಲ್ಲ ರೂಪಾಯಿಯಲ್ಲೇ. ಹುಡುಗರ ಸಂಬಳ, ಹಾಲು, ತರಕಾರಿ, ಲಾಂಡ್ರಿ, ಕರೆಂಟ್ ಬಿಲ್, ಡ್ರೈವರ್ ಬಾಟಾ, ಯಾವುದೂ ಯೂರೋ ನೋಡಿ ಏರಿಳಿಯಲ್ಲ. ದಸರಾಕ್ಕೆ ಬರುವ ಗ್ರೂಪಿಗೆ ಏಜೆಂಟ್ ಜನವರಿಯಲ್ಲೇ ರೇಟ್ ಕೇಳುತ್ತಾನೆ. ದುಡ್ಡು ಬರುವುದು ಅಕ್ಟೋಬರಿನಲ್ಲಿ. ನಡುವಿನ ಒಂಬತ್ತು ತಿಂಗಳ ಏರಿಳಿತ ಯಾರ ತಲೆ ಮೇಲೆ ಬೀಳಬೇಕು ಅನ್ನುವುದೇ ಇಲ್ಲಿರುವ ವ್ಯಾಪಾರ.

ಒಂದು ಲೆಕ್ಕ ಹಾಕೋಣ. ರೂಮಿಗೆ 7,200 ರೂಪಾಯಿ, ಟ್ಯಾಕ್ಸ್ ಬೇರೆ. ಖರ್ಚು 5,700, ಉಳಿಯುವುದು 1,500. ಲೆಕ್ಕ ಸುಲಭವಾಗಲಿ ಅಂತ ಯೂರೋಗೆ 100 ರೂಪಾಯಿ ಇಟ್ಟುಕೊಳ್ಳಿ. ನೀವು 72 ಯೂರೋ ಅಂತ ಬರೆದು ಕೊಟ್ಟಿರಿ. ಅಕ್ಟೋಬರಿಗೆ ಯೂರೋ 92ಕ್ಕೆ ಇಳಿದರೆ ಕೈಗೆ ಬರುವುದು 6,624. ಖರ್ಚು ಇದ್ದಷ್ಟೇ ಇದೆ, ಹಾಗಾಗಿ ಲಾಭ 924. ಯೂರೋ ಇಳಿದದ್ದು ನೂರಕ್ಕೆ ಎಂಟು, ಲಾಭದಲ್ಲಿ ಹೋದದ್ದು ನೂರಕ್ಕೆ ಮೂವತ್ತೆಂಟು!

"ರೂಪಾಯಿ ಯಾವಾಗಲೂ ಬೀಳೋದೇ ಅಲ್ವಾ, ನಮಗೆ ಲಾಭಾನೇ" ಅನ್ನುವವರು ಡಾಲರ್ ಒಂದನ್ನೇ ನೋಡಿರುತ್ತಾರೆ. 2022ರಲ್ಲಿ ಡಾಲರ್ 74ರ ಆಸುಪಾಸಿನಿಂದ 82 ದಾಟಿತು. ಅದೇ ವರ್ಷ ಪೌಂಡ್ ನೂರರ ಆಸುಪಾಸಿನಲ್ಲಿದ್ದದ್ದು ಸೆಪ್ಟೆಂಬರ್ ಕೊನೆಗೆ 90ರ ಕೆಳಗೆ ಬಂತು. ಇಂಗ್ಲೆಂಡಿನ ಗ್ರೂಪಿಗೆ ಪೌಂಡಿನಲ್ಲಿ ರೇಟ್ ಕೊಟ್ಟು ಕೂತವರಿಗೆ ಡಾಲರ್ ಏರಿದ್ದರಿಂದ ಏನೂ ಬರಲಿಲ್ಲ.

ಯೂರೋ ಏರಿದರೂ ಒಂದು ಪೇಚಿದೆ. ಇದನ್ನು ಯಾರೂ ಮೊದಲೇ ಯೋಚಿಸಿರಲ್ಲ. ದಿನಕ್ಕೆ ರೂಮಿನ ಬೆಲೆ 7,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ. 5. ಅದು ದಾಟಿದರೆ ಶೇ. 18. (2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಕೆಳಗಿನದು ಶೇ. 12 ಇತ್ತು, ಈಗ ಅಂತರ ಇನ್ನೂ ಹಿಗ್ಗಿದೆ.) ದುಡ್ಡು ವಿದೇಶದಿಂದ ಬಂತು, ಹಾಗಾಗಿ ಎಕ್ಸ್‌ಪೋರ್ಟ್, ಟ್ಯಾಕ್ಸೇ ಇಲ್ಲ ಅಂದುಕೊಳ್ಳಬೇಡಿ. ರೂಮ್ ಇರುವುದು ಮೈಸೂರಿನಲ್ಲಿ, ಟ್ಯಾಕ್ಸೂ ಇಲ್ಲಿಯದೇ.

ಈಗ ಅದೇ 72 ಯೂರೋ ನೋಡಿ. ಯೂರೋ 100 ಇದ್ದಾಗ ಟ್ಯಾಕ್ಸ್ 360, ಗೆಸ್ಟ್ ಒಟ್ಟು ಕೊಡುವುದು 7,560. ಯೂರೋ 106 ಆದರೆ ನಿಮ್ಮ ರೂಮಿನ ಬೆಲೆ ತಾನಾಗಿಯೇ 7,632 ಆಗಿಬಿಡುತ್ತದೆ. ಗೆರೆ ದಾಟಿತು. ಟ್ಯಾಕ್ಸ್ 1,374, ಒಟ್ಟು 9,006. ಗೆಸ್ಟ್ ಲೆಕ್ಕದಲ್ಲಿ 75.60 ಯೂರೋ ಇದ್ದದ್ದು ಸುಮಾರು 85 ಯೂರೋ. ನೀವು ರೇಟ್ ಒಂದು ಪೈಸೆ ಏರಿಸಿಲ್ಲ, ಆದರೂ ರಿಸೆಪ್ಶನ್ನಿನಲ್ಲಿ ಜಗಳ. ರೇಟ್ ಕಾರ್ಡಿನಲ್ಲಿ 7,200 ರೂಪಾಯಿ ಅಂತಲೇ ಇದ್ದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.

ಏಜೆಂಟ್‌ಗೆ ಯೂರೋದಲ್ಲಿ ಕೊಡಲೇಬೇಕಾದರೆ ನಾನು ಹೀಗೆ ಬರೆಸುತ್ತೇನೆ: "ಮೂಲ ದರ 7,200 ರೂಪಾಯಿ. ಯೂರೋಗೆ 100ರಂತೆ 72 ಯೂರೋ. ಬಿಲ್ ದಿನ ನಮ್ಮ ಬ್ಯಾಂಕಿನ ಟಿಟಿ ಬೈಯಿಂಗ್ ರೇಟ್ 97ರಿಂದ 103ರ ಒಳಗಿದ್ದರೆ ಇದೇ ಯೂರೋ ದರ. ಆಚೆ ಹೋದರೆ 7,200 ರೂಪಾಯಿಗೆ ಸರಿಹೋಗುವಷ್ಟು ಯೂರೋ." ಸಣ್ಣ ಏರಿಳಿತ ನಿಮ್ಮದು, ದೊಡ್ಡದು ಅವರದ್ದು. 97ಕ್ಕೆ ಇಳಿದರೂ ನೀವು ಕಳೆದುಕೊಳ್ಳುವುದು ರೂಮಿಗೆ 216 ರೂಪಾಯಿ, ತಡೆದುಕೊಳ್ಳಬಹುದು. ಮೇಲಿನ ಮಿತಿ 103 ಅಂತ ಸುಮ್ನೆ ಹಾಕಿದ್ದಲ್ಲ. 104 ದಾಟಿದ ಕೂಡಲೇ 72 ಯೂರೋ ಅಂದರೆ 7,500ರ ಗೆರೆ ಬಂತು ಅಂತಲೇ ಅರ್ಥ.

ಟಿಟಿ ಬೈಯಿಂಗ್ ರೇಟ್ ಅಂದರೆ ಹೊರಗಿಂದ ಬಂದ ಹಣಕ್ಕೆ ಬ್ಯಾಂಕ್ ನಿಮಗೆ ಕೊಡುವ ದರ. ಗೂಗಲ್‌ನಲ್ಲಿ ಕಾಣುವುದಕ್ಕಿಂತ ಇದು ಕಡಿಮೆಯೇ ಇರುತ್ತದೆ. ರೇಟ್ ಹಾಕುವಾಗ ಗೂಗಲ್ ನೋಡಿದರೆ ಶುರುವಿನಲ್ಲೇ ಲಾಸ್. ನಡುವಿನ ಬ್ಯಾಂಕುಗಳು ಮುರಿದುಕೊಳ್ಳುವ ಚಾರ್ಜು ಕಳಿಸುವವರದ್ದೇ ಅಂತಲೂ ಬರೆಸಿ. ಅರ್ಧ ದುಡ್ಡು ಮುಂಗಡ ತೆಗೆದುಕೊಂಡು ಆಗಲೇ ರೂಪಾಯಿ ಮಾಡಿಸಿಕೊಂಡರೆ ಅಷ್ಟರ ಮಟ್ಟಿಗೆ ಚಿಂತೆ ಇಲ್ಲ. ಮುಂದೆ ಬರುವ ಯೂರೋಗೆ ಇವತ್ತೇ ದರ ಗಟ್ಟಿ ಮಾಡಿಕೊಳ್ಳುವ ಫಾರ್ವರ್ಡ್ ಕಾಂಟ್ರ್ಯಾಕ್ಟನ್ನು ಬ್ಯಾಂಕಿನಲ್ಲಿ ಮಾಡಿಸಬಹುದು ನಿಜ, ಆದರೆ ಹತ್ತಿಪ್ಪತ್ತು ರೂಮಿನ ಹೋಟೆಲಿಗೆ ಆ ಓಡಾಟ ನನ್ನ ಪ್ರಕಾರ ಬೇಡ.

ಟೂರ್ ಮಾಡಿಸುವವರು ಅರಮನೆ, ಸೋಮನಾಥಪುರದ ಟಿಕೆಟನ್ನು ಪ್ಯಾಕೇಜಿನಿಂದ ಹೊರಗಿಟ್ಟು "ಆ ದಿನದ ದರ" ಅಂತ ಬರೆಯಿರಿ. ವಿದೇಶಿಯರ ಟಿಕೆಟ್ ದರವೇ ಬೇರೆ, ಅದು ಬದಲಾದರೆ ನೀವ್ಯಾಕೆ ಕೈಯಿಂದ ಕೊಡಬೇಕು?

ಗೋಕುಲಂಗೆ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವವರಿಗೆ ಇದ್ಯಾವುದೂ ಬೇಕಿಲ್ಲ. ತಿಂಗಳಿಗೆ ಇಷ್ಟು ರೂಪಾಯಿ ಅಂದರೆ ಮುಗಿಯಿತು. ಬುಕಿಂಗ್ ಸೈಟುಗಳಲ್ಲೂ ನೀವು ರೂಪಾಯಿಯಲ್ಲಿ ಹಾಕಿದರೆ ಸಾಕು, ಗೆಸ್ಟ್‌ಗೆ ಅವರ ದುಡ್ಡಿನಲ್ಲಿ ಅದೇ ತೋರಿಸಿಕೊಳ್ಳುತ್ತದೆ.

ಕಾರ್ಡ್ ಮೆಷಿನ್ ಮುಂದೆ ಕೂರುವ ಹುಡುಗನಿಗೆ ಮಾತ್ರ ಒಂದು ಮಾತು ಹೇಳಿಕೊಡಿ. ಕೆಲವು ಮೆಷಿನ್ "ರೂಪಾಯಿಯೋ, ಯೂರೋವೋ" ಅಂತ ಕೇಳುತ್ತದೆ. ಯೂರೋ ಒತ್ತಿದರೆ ಅಲ್ಲಿ ಹಾಕುವ ದರ ಗೆಸ್ಟ್‌ಗೆ ದುಬಾರಿ ಬೀಳುತ್ತದೆ, ನಿಮಗೆ ಬರುವ ರೂಪಾಯಿ ಅಷ್ಟೇ. ಮೆಷಿನ್ನನ್ನು ಗೆಸ್ಟ್ ಕಡೆ ತಿರುಗಿಸಿ, ರೂಪಾಯಿ ಒತ್ತಿದರೆ ಒಳ್ಳೆಯದು ಅಂತ ಅವನೇ ಹೇಳಲಿ.