ಫೋಟೋದಲ್ಲಿ ಕಾಣುವುದು ಮರವಲ್ಲ, ನೆತ್ತಿ

"ಮೇಲಿಂದ ತೆಗೆದ ಫೋಟೋ ಇದೆಯಲ್ಲ, ನೋಡಿ ತೋಪಿನಲ್ಲಿ ಎಷ್ಟು ಮರ ಇದೆ ಅಂತ ಹೇಳಿಬಿಡಿ. ಸುಮ್ನೆ ಎಣಿಸೋದು ತಾನೆ?"

ಆ "ತಾನೆ" ಕೇಳಿದರೆ ನನಗೆ ಮೈ ಉರಿಯುತ್ತದೆ. ಎಳೆ ತೋಪಿನಲ್ಲಿ ಗಿಡಗಳು ದೂರ ದೂರ ಇದ್ದರೆ ಎಣಿಸಬಹುದು, ಎಣಿಸಿದ್ದೇನೆ. ಆದರೆ ಕೊಂಬೆಗೆ ಕೊಂಬೆ ತಾಗಿದ ಮೇಲೆ ಫೋಟೋದಲ್ಲಿ ಮರ ಎಲ್ಲಿರುತ್ತದೆ? ಕಾಣುವುದು ಹಸಿರು ನೆತ್ತಿ. ಎರಡು ಮರ ಸೇರಿ ಒಂದು ನೆತ್ತಿಯಂತೆ ಕಾಣುತ್ತವೆ. ಕವಲೊಡೆದ ಒಂದೇ ಮರ ಎರಡಾಗಿ ಕಾಣುತ್ತದೆ. ದೊಡ್ಡದರ ಕೆಳಗಿನ ಸಣ್ಣದು ಕಾಣುವುದೇ ಇಲ್ಲ.

ಹಾಗಾಗಿ ಫೋಟೋದಿಂದ ನಾನು ಮರ ಎಣಿಸುವುದಿಲ್ಲ. ನೆಲದ ಎಷ್ಟು ಭಾಗ ಹಸಿರಿನಿಂದ ಮುಚ್ಚಿದೆ ಅಂತ ಅಳೆಯುತ್ತೇನೆ. 40 ಹೆಕ್ಟೇರಿನ ಒಂದು ತೋಪಿನ ಕೆಲಸ ಹೇಳುತ್ತೇನೆ. ಫೋಟೋದ ಮೇಲೆ ಚೀಟಿ ಎತ್ತಿದಂತೆ 100 ಜಾಗ ಆರಿಸಿ, ಪ್ರತಿ ಜಾಗದಲ್ಲೂ 11.28 ಮೀಟರ್ ತ್ರಿಜ್ಯದ ವೃತ್ತ ಎಳೆದೆ. ಒಂದು ವೃತ್ತ ಅಂದರೆ 400 ಚದರ ಮೀಟರ್, ಹೆಕ್ಟೇರಿನ 25ನೇ ಒಂದು ಭಾಗ. ಪ್ರತಿ ವೃತ್ತದೊಳಗೂ 25 ಚುಕ್ಕೆ ಇಟ್ಟು, ಎಷ್ಟು ಚುಕ್ಕೆ ನೆತ್ತಿಯ ಮೇಲೆ ಬಿತ್ತು ಅಂತ ನೋಡಿದೆ. 15 ಬಿದ್ದರೆ ಹೊದಿಕೆ ಶೇ. 60. ನೂರೂ ವೃತ್ತಗಳ ಸರಾಸರಿ ಬಂದದ್ದೂ ಶೇ. 60ರ ಹತ್ತಿರವೇ. (ಚುಕ್ಕೆಗಳ ಸಾಲನ್ನು ಮರದ ಸಾಲಿಗೆ ಓರೆಯಾಗಿ ಇಡಬೇಕು. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಚುಕ್ಕೆಗಳೆಲ್ಲ ಮರದ ಮೇಲೇ ಬೀಳಬಹುದು, ಇಲ್ಲವೇ ಎಲ್ಲ ಸಂದಿಗೇ ಬೀಳಬಹುದು.)

ಇನ್ನು ಉಳಿದದ್ದು, ಶೇ. 1ರಷ್ಟು ಹೊದಿಕೆಗೆ ಎಷ್ಟು ಮರ ಅನ್ನುವುದು. ಅದನ್ನು ಫೋಟೋ ಹೇಳುವುದಿಲ್ಲ, ನಡೆದು ಹೋಗಿ ನೆಲದ ಮೇಲೂ ಅಷ್ಟೇ ದೊಡ್ಡ ವೃತ್ತ, ಅಂದರೆ ಪ್ಲಾಟ್, ಹಾಕಿ ಎಣಿಸಬೇಕು. ಅಲ್ಲಿಯೇ ನಾನು ಎಡವಿದ್ದು.

ಬಿಸಿಲು ಜೋರಾಗಿತ್ತು, ಹತ್ತು ಪ್ಲಾಟ್‌ಗಳನ್ನೂ ದಾರಿಯ ಪಕ್ಕದಲ್ಲೇ ಹಾಕಿಬಿಟ್ಟೆ. ಒಂದಕ್ಕೆ ಸರಾಸರಿ 16 ಮರ, ಅದೇ ಪ್ಲಾಟ್‌ಗಳಲ್ಲಿ ಫೋಟೋ ತೋರಿಸಿದ ಹೊದಿಕೆ ಶೇ. 64. ಅಂದರೆ ಶೇ. 1ಕ್ಕೆ ಕಾಲು ಮರ. ಶೇ. 60ಕ್ಕೆ ಪ್ಲಾಟಿಗೆ 15, ಹೆಕ್ಟೇರಿಗೆ 375, ಇಡೀ ತೋಪಿಗೆ 15,000. ಲೆಕ್ಕ ಅಚ್ಚುಕಟ್ಟಾಗಿತ್ತು. ಹೊರಡುವ ಮೊದಲು ಯಾಕೋ ಒಳಗೆ ಹೋಗಿ ಇನ್ನೊಂದು ಪ್ಲಾಟ್ ಎಣಿಸಿದೆ. ಹೊದಿಕೆ ಅಲ್ಲೂ ಶೇ. 60. ಮರ ಮಾತ್ರ 15 ಅಲ್ಲ, 21.

ಕಾರಣ ಸರಳ. ಅಂಚಿನ ಮರಕ್ಕೆ ಪಕ್ಕದಿಂದಲೂ ಬೆಳಕು ಸಿಗುತ್ತದೆ, ಕೊಂಬೆ ಚಾಚಿಕೊಂಡು ಜಾಸ್ತಿ ಜಾಗ ಮುಚ್ಚುತ್ತದೆ. ಒಳಗಿನದು ಇಕ್ಕಟ್ಟಿನಲ್ಲಿ ಬೆಳೆದು ಕಡಿಮೆ ಮುಚ್ಚುತ್ತದೆ. ಮಾರನೇ ದಿನ ಆ 100 ವೃತ್ತಗಳಲ್ಲೇ ಹತ್ತನ್ನು ಚೀಟಿ ಎತ್ತಿ, ಮುಳ್ಳು ಸರಿಸಿಕೊಂಡು ಹೋಗಿ ಎಣಿಸಿದೆ. ಬುಡ ವೃತ್ತದ ಒಳಗಿದ್ದರೆ ಮಾತ್ರ ಲೆಕ್ಕಕ್ಕೆ. ಸರಾಸರಿ 22 ಮರ, ಹೊದಿಕೆ ಶೇ. 66. ಶೇ. 3ಕ್ಕೆ ಒಂದು ಮರ ಅಂದಹಾಗಾಯಿತು. ಶೇ. 60ಕ್ಕೆ ಪ್ಲಾಟಿಗೆ 20, ಹೆಕ್ಟೇರಿಗೆ 500, ಒಟ್ಟು 20,000. ಫೋಟೋ ಇಲ್ಲದೆ ಆ ಹತ್ತು ಪ್ಲಾಟನ್ನೇ ನಂಬಿದ್ದರೆ 22,000 ಅನ್ನುತ್ತಿದ್ದೆ. ಆ ಹತ್ತು ಜಾಗ ಸ್ವಲ್ಪ ದಟ್ಟವಾಗಿದ್ದವು ಅಂತ ಹೇಳಿಕೊಟ್ಟದ್ದು ಫೋಟೋ. ಅದರ ಕೆಲಸ ಅಷ್ಟೇ, ಆದರೆ ಸಣ್ಣ ಕೆಲಸವೇನಲ್ಲ.

ನಿಜ ಹೇಳಬೇಕೆಂದರೆ, ನೀವು ಕೇಳಬೇಕಾದದ್ದು "ಎಷ್ಟು ಮರ?" ಅಂತಲ್ಲ, "ಪ್ಲಾಟ್ ಎಲ್ಲಿ ಹಾಕಿದ್ರಿ?" ಅಂತ. ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.

ಇನ್ನೊಂದನ್ನೂ ಕೇಳಿ: ತೋಪೆಲ್ಲ ಒಂದೇ ವಯಸ್ಸಿನದಾ? ಮೂರು ಮೀಟರ್ ಅಗಲದ ನೆತ್ತಿ ಸುಮಾರು 7 ಚದರ ಮೀಟರ್ ಮುಚ್ಚುತ್ತದೆ, ಐದು ಮೀಟರಿನದು ಸುಮಾರು 20. ಹೊದಿಕೆ ಅದೇ ಶೇ. 60 ಇದ್ದರೂ ಮೊದಲನೆಯದರಲ್ಲಿ ಪ್ಲಾಟಿಗೆ 34 ಮರ, ಎರಡನೆಯದರಲ್ಲಿ 12. ಅಂಥ ತೋಪನ್ನು ವಯಸ್ಸಿನ ಪ್ರಕಾರ ಭಾಗ ಮಾಡಿ, ಒಂದೊಂದಕ್ಕೂ ಬೇರೆ ಪ್ಲಾಟ್ ಹಾಕಬೇಕು. ಇನ್ನು ನೆತ್ತಿಗಳು ಪೂರ್ತಿ ಕೂಡಿಕೊಂಡು ಎಲ್ಲ ಕಡೆ ಶೇ. 100ರ ಹತ್ತಿರ ಬಂದರೆ ಈ ದಾರಿಯೇ ಮುಚ್ಚಿತು. ಅಲ್ಲಿ 15 ಮರವಿದ್ದರೂ 30 ಇದ್ದರೂ ಫೋಟೋಗೆ ಒಂದೇ. ಆಗ ನೆಲದ ಪ್ಲಾಟ್‌ಗಳನ್ನೇ ಜಾಸ್ತಿ ಮಾಡಬೇಕು.

ಆ ತೋಪಿನವರಿಗೆ ಫೋನ್ ಮಾಡಿ, 20,000, ಆಚೀಚೆ 2,000 ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಆ ಆಚೀಚೆ ಬಿಟ್ಟು ಹೇಳಿ ಸಾರ್, ಕರೆಕ್ಟಾಗಿ ಎಷ್ಟು?"