ಮಗ ಕಾರಲ್ಲಿ ಬಿಡ್ತಾನೆ ಅಂದರೆ ಸಾಲದು

"ಅಮ್ಮ, ಮಲೇಷ್ಯಾದಿಂದ ಹೊರಗೆ ಹೋಗೋ ಟಿಕೆಟ್ ತೋರಿಸಿ."

"ನನ್ನ ಮಗ ಕಾರಲ್ಲಿ ಸಿಂಗಪುರಕ್ಕೆ ಬಿಡ್ತಾನೆ ಕಣಮ್ಮ."

"ಮಗ ಬಿಡ್ತಾರೆ ಅಂದ್ರೆ ಆಗಲ್ಲ ಅಮ್ಮ. ಅಲ್ಲಿಂದ ವಾಪಸ್ ಕಳಿಸಿದ್ರೆ ನಾವೇ ಕರ್ಕೊಂಡ್ ಬರ್ಬೇಕು."

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಈ ವಾರ ನಡೆದ ಈ ಮಾತುಕತೆ ಇನ್ನೂ ತಲೆಯಿಂದ ಹೋಗಿಲ್ಲ. ಅದರಲ್ಲೂ ಆ ಕೊನೆಯ ಮಾತು. ಸೋದರತ್ತೆಗೆ ಎಪ್ಪತ್ತು ದಾಟಿದೆ. ಮಗ ಕೌಲಾಲಂಪುರದಲ್ಲಿ, ಮಗಳು ಸಿಂಗಪುರದಲ್ಲಿ. ಮೂರು ವಾರ ಮಗನ ಮನೆ, ಆಮೇಲೆ ಮಗನ ಕಾರಿನಲ್ಲಿ ಗಡಿಯ ಊರು ಜೋಹರ್ ಬಾರು ದಾಟಿ ಮಗಳ ಮನೆ, ಅಲ್ಲಿಂದ ವಿಮಾನದಲ್ಲಿ ಬೆಂಗಳೂರು. ಹೋಗಲು ಜೊತೆಗೆ ನಾನಿದ್ದೆ, ನನ್ನದು ಹೋಗಿಬರುವ ಟಿಕೆಟ್. ಅತ್ತೆಯ ಕೈಯಲ್ಲಿ ಕೌಲಾಲಂಪುರಕ್ಕೆ ಒಂದು ಟಿಕೆಟ್, ಸಿಂಗಪುರದಿಂದ ಬೆಂಗಳೂರಿಗೆ ಇನ್ನೊಂದು ಟಿಕೆಟ್, ಸಿಂಗಪುರದ ವೀಸಾದ ಪ್ರಿಂಟ್. ಮಲೇಷ್ಯಾಕ್ಕೆ ಬೇಕಾದ ಡಿಜಿಟಲ್ ಆಗಮನ ಕಾರ್ಡನ್ನೂ ಹಿಂದಿನ ದಿನವೇ ತುಂಬಿದ್ದೆವು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಅಲ್ಲಿ 30 ದಿನಕ್ಕೆ ವೀಸಾ ಬೇಡ. ಇನ್ನೇನು ಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಅತ್ತೆಗೆ ಆನ್‌ಲೈನ್ ಚೆಕ್-ಇನ್ ಆಗಿರಲಿಲ್ಲ. ದಾಖಲೆ ಪರಿಶೀಲನೆಗೆ ಕೌಂಟರಿಗೆ ಬನ್ನಿ ಅಂತ ಬಂದಿತ್ತು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ಯಾವ ದೇಶದ್ದು, ಎಲ್ಲಿಗೆ, ಎಷ್ಟು ದಿನ ಅಂತ ಏನೇನೋ ಒತ್ತಿದಳು. ಪರದೆಯಲ್ಲಿ ಬಂದದ್ದನ್ನು ಓದಿ ಮೇಲಿನ ಪ್ರಶ್ನೆ ಕೇಳಿದಳು. ನಾನು ಸಿಂಗಪುರದ ಟಿಕೆಟ್ ಮುಂದಿಟ್ಟೆ. "ಮೇಡಂ, ಇದು ಸಿಂಗಪುರದಿಂದ ಹೊರಡೋದು. ಮಲೇಷ್ಯಾದಿಂದ ಹೊರಡೋದು ಬೇಕು" ಅಂದಳು. ಪಕ್ಕದ ಸಾಲಿನಲ್ಲಿದ್ದ ಒಬ್ಬರು "ವೀಸಾ ಬೇಡ ಅಂತ ಆ ದೇಶವೇ ಹೇಳಿದೆ, ನಿನ್ನದೇನಮ್ಮ ತಕರಾರು" ಅಂತ ಅವಳ ಮೇಲೆ ರೇಗಿದರು. ನಮ್ಮ ಪರವಾಗಿಯೇ ಮಾತಾಡಿದರು, ಸರಿ. ಆದರೆ ಆ ದನಿ ನನಗೆ ಹಿಡಿಸಲಿಲ್ಲ. ಅವಳು ಒಂದು ಮಾತನ್ನೂ ಒರಟಾಗಿ ಆಡಿರಲಿಲ್ಲ.

ನಮ್ಮ ಓಣಿಯಲ್ಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬರಿದ್ದಾರೆ. ಅವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಊರಿಗೆ ವಾಪಸ್ ಬಂದ ಮೇಲೆ ಅವರ ಮನೆಗೇ ಹೋಗಿ ಕೂತು ಎಲ್ಲ ಕೇಳಿದೆ. ಅಲ್ಲಿ ತಿಳಿದದ್ದನ್ನು ಹೇಳಲೇಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ವೀಸಾ ಬೇಕಿರುವ ದೇಶಕ್ಕೆ ಹೋಗುವಾಗ ರಾಯಭಾರ ಕಚೇರಿಯವರು ಮೊದಲೇ ನಮ್ಮನ್ನು ಜಾಲಾಡಿರುತ್ತಾರೆ. ವಾಪಸ್ ಟಿಕೆಟ್, ಬ್ಯಾಂಕ್ ಖಾತೆ, ಎಲ್ಲಿ ಉಳಿಯುತ್ತೀರಿ ಎಲ್ಲ ನೋಡಿ ಮುದ್ರೆ ಒತ್ತಿರುತ್ತಾರೆ. ವೀಸಾ ಬೇಡ ಅಂದ ಕೂಡಲೇ ಆ ಪ್ರಶ್ನೆಗಳು ಮಾಯ ಆಗುವುದಿಲ್ಲ. ಕೇಳುವವರು ಬದಲಾಗುತ್ತಾರೆ, ಅಷ್ಟೇ. ಕೊನೆಗೆ ಕೇಳುವ ಹಕ್ಕು ಅಲ್ಲಿನ ಇಮಿಗ್ರೇಷನ್ ಅಧಿಕಾರಿಗೆ. ಆದರೆ ಅಷ್ಟರಲ್ಲಿ ನಾವು ಅವರ ನೆಲದ ಮೇಲೆ ಇಳಿದಾಗಿರುತ್ತದೆ. ಹಾಗಾಗಿ ಹತ್ತುವ ಮೊದಲೇ ಕೇಳುವ ಕೆಲಸ ವಿಮಾನ ಕಂಪನಿಯ ತಲೆಗೆ ಬಿದ್ದಿದೆ.

ಸುಮ್ನೆ ಬಿದ್ದಿದ್ದಲ್ಲ. ದೇಶಗಳ ನಡುವಿನ ವಿಮಾನಯಾನಕ್ಕೆ ಮಾಡಿಕೊಂಡ 1944ರ ಷಿಕಾಗೋ ಒಪ್ಪಂದಕ್ಕೆ ಅನೆಕ್ಸ್ 9 ಅಂತ ಒಂದು ಅನುಬಂಧ ಇದೆ. ಒಬ್ಬ ಪ್ರಯಾಣಿಕನನ್ನು ದೇಶದೊಳಗೆ ಬಿಡದಿದ್ದರೆ, ಕರೆತಂದ ವಿಮಾನ ಕಂಪನಿಯೇ ಅವನನ್ನು ಹೊರಟ ಜಾಗಕ್ಕೋ ಅಥವಾ ಅವನನ್ನು ಒಳಗೆ ಬಿಡುವ ಬೇರೆ ಕಡೆಗೋ ಸಾಗಿಸಬೇಕು ಎನ್ನುತ್ತದೆ ಅದು. ಇಂಥ ಪ್ರಯಾಣಿಕನನ್ನು ಕೌಂಟರಿನವರು 'ಇನ್ಯಾಡ್' ಅನ್ನುತ್ತಾರೆ. ದಾಖಲೆ ಸರಿ ಇಲ್ಲದೆ ತಡೆದಿದ್ದರೆ, ಅಲ್ಲಿ ಅವನನ್ನು ತಡೆದಿಟ್ಟುಕೊಳ್ಳುವ ಖರ್ಚೂ ಕಂಪನಿಯ ಮೇಲೆ ಬರುತ್ತದೆ. ದಾಖಲೆ ಎಲ್ಲ ಸರಿ ಇದ್ದು ಬೇರೆ ಕಾರಣಕ್ಕೆ ತಡೆದರೆ ಆ ಖರ್ಚು ಸಾಮಾನ್ಯವಾಗಿ ಕಂಪನಿಯದಲ್ಲ. ಅಂದರೆ ಪಾಸ್‌ಪೋರ್ಟಿನಲ್ಲಿ ವೀಸಾ ಇದ್ದರೆ "ನಾವು ನೋಡಿಯೇ ಹತ್ತಿಸಿದ್ವಿ" ಅನ್ನಲು ಕಂಪನಿಗೆ ಒಂದು ಕಾಗದದ ಬಲ ಇರುತ್ತದೆ. ವೀಸಾ ಇಲ್ಲದ ಪ್ರಯಾಣದಲ್ಲಿ ಆ ಬಲ ಹೋಯಿತು. ಅದರ ಜಾಗದಲ್ಲಿ ಉಳಿಯುವುದು ಹೊರಗೆ ಹೋಗುವ ಟಿಕೆಟ್ ಒಂದೇ. ನಮ್ಮನ್ನು ಬರಮಾಡಿಕೊಳ್ಳುವ ದೇಶ ಸಡಿಲವಾದಷ್ಟೂ ಕೌಂಟರ್ ಬಿಗಿಯಾಗುವುದು ಈ ಕಾರಣಕ್ಕೆ. ಇದು ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಹೋಗಿಬರುವ ಟಿಕೆಟ್ ಇದ್ದವರನ್ನು ವಾಪಸ್ ಕಳಿಸಿದರೆ, ಬಳಸದೆ ಉಳಿದ ಆ ಬರುವ ಟಿಕೆಟ್ಟನ್ನೇ ಕಂಪನಿ ಸೀಟಿನ ಖರ್ಚಿಗೆ ಹಿಡಿದುಕೊಳ್ಳಬಹುದು. ಒಂದೇ ಕಡೆಯ ಟಿಕೆಟ್ ಇದ್ದರೆ ಮೊದಲು ತಾನು ಸೀಟು ಕೊಟ್ಟು ಕರೆತರಬೇಕು, ಆಮೇಲೆ ಪ್ರಯಾಣಿಕನಿಂದ ವಸೂಲಿ ಮಾಡಬೇಕು. ಆ ಹುಡುಗಿ "ನಾವೇ ಕರ್ಕೊಂಡ್ ಬರ್ಬೇಕು" ಅಂದದ್ದು ಇದನ್ನೇ. ಬೆದರಿಕೆ ಅಂತ ಅತ್ತೆಗೆ ಕೇಳಿಸಿತು. ಅದು ಅವಳ ಕೆಲಸದ ನಿಯಮ.

ಜೊತೆಗೆ ದಂಡ. ಯುರೋಪಿನ ಒಕ್ಕೂಟದ 2001ರ ನಿರ್ದೇಶನದ ಪ್ರಕಾರ, ಸರಿಯಾದ ದಾಖಲೆ ಇಲ್ಲದ ಒಬ್ಬೊಬ್ಬ ಪ್ರಯಾಣಿಕನಿಗೂ ಕಂಪನಿ ತೆರುವ ಕನಿಷ್ಠ ದಂಡ 3,000 ಯೂರೋಗಿಂತ ಕಡಿಮೆ ಇರಬಾರದು, ಇಲ್ಲವೇ ಗರಿಷ್ಠ ಮಿತಿ 5,000 ಯೂರೋಗಿಂತ ಕಡಿಮೆ ಇರಬಾರದು. ಬೇರೆಯವರದ್ದೇ ಯಾಕೆ ಹೇಳಬೇಕು? ನಮ್ಮಲ್ಲೂ 2000ನೇ ಇಸವಿಯಲ್ಲಿ ವಿಮಾನ ಕಂಪನಿಗಳಿಗೆಂದೇ ಒಂದು ಕಾಯ್ದೆ ಬಂತು. ಕಾಗದಪತ್ರ ಇಲ್ಲದವರನ್ನು ಭಾರತಕ್ಕೆ ಕರೆತಂದರೆ ಅದರಲ್ಲಿ ಒಂದು ಲಕ್ಷ ರೂಪಾಯಿ ದಂಡ ಇತ್ತು. ಈಗ ಅದರ ಜಾಗಕ್ಕೆ 2025ರ ಹೊಸ ವಲಸೆ ಕಾಯ್ದೆ ಬಂದಿದೆ. ನಮ್ಮ ದೇಶಕ್ಕೆ ಬರಲು ಹೊರಟವರೂ ಯಾವುದೋ ಊರಿನ ಕೌಂಟರಿನಲ್ಲಿ ಹೀಗೇ ನಿಂತಿರುತ್ತಾರೆ.

ಅವಳು ಪರದೆಯಲ್ಲಿ ಓದಿದ್ದು ಏನು ಅಂತಲೂ ಕೇಳಿದೆ. ಹೆಚ್ಚಿನ ಕಂಪನಿಗಳು ಟೈಮ್ಯಾಟಿಕ್ ಎಂಬ ಮಾಹಿತಿ ಕೋಶ ನೋಡುತ್ತವೆ. ವಿಮಾನ ಕಂಪನಿಗಳ ಸಂಘ ಐಯಾಟಾ ಅದನ್ನು ನಡೆಸುತ್ತದೆ. ಯಾವ ಪಾಸ್‌ಪೋರ್ಟಿಗೆ ಯಾವ ದೇಶದಲ್ಲಿ ಏನು ಬೇಕು ಎಂಬುದು ಅದರಲ್ಲಿರುತ್ತದೆ. ಕೆಲವು ದೇಶಗಳ ಕೆಳಗೆ ಹೊರಗೆ ಹೋಗುವ ಟಿಕೆಟ್ ಇರಲೇಬೇಕು ಅಂತ ಇರುತ್ತದೆ. ಕೆಲವದರ ಕೆಳಗೆ ಟಿಕೆಟ್ ಇಲ್ಲದವರನ್ನು ಒಳಗೆ ಬಿಡದೆ ಇರಬಹುದು ಎಂಬ ಎಚ್ಚರಿಕೆ ಮಾತ್ರ. ಈ ಎರಡನೆಯದರಲ್ಲೇ ಜಗಳ ಜಾಸ್ತಿ. ಒಂದು ಕಂಪನಿ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಒಂದೇ ಕಂಪನಿಯಲ್ಲಿ ಇವತ್ತಿನ ಸೂಪರ್‌ವೈಸರ್ ಒಪ್ಪಿದ್ದನ್ನು ನಾಳೆಯವರು ಒಪ್ಪದಿರಬಹುದು. "ನನ್ನ ಫ್ರೆಂಡ್ ಹೋಗಿ ಬಂದ, ಯಾರೂ ಕೇಳಲಿಲ್ಲ" ಎಂಬ ಮಾತಿಗೆ ಅದಕ್ಕೇ ಬೆಲೆ ಇಲ್ಲ.

ನಮ್ಮ ವಿಷಯದಲ್ಲಿ ಸೂಪರ್‌ವೈಸರ್ ಬಂದರು. ಸಿಂಗಪುರದ ವೀಸಾ ನೋಡಿದರು, ಅದರ ಅವಧಿ ನೋಡಿದರು. ಅದಿಲ್ಲದಿದ್ದರೆ ಸಿಂಗಪುರದ ಯಾವ ಟಿಕೆಟ್ಟೂ ಉಪಯೋಗವಿಲ್ಲ ಅಂದರು. ಮುಂದಿನ ದೇಶ ಒಳಗೆ ಬಿಟ್ಟುಕೊಳ್ಳುವ ಹಾಗಿದ್ದರೆ ತಾನೇ ಅದು ಹೊರಗೆ ಹೋಗುವ ಟಿಕೆಟ್? ವೀಸಾ ಸರಿ ಇದೆ, ಟಿಕೆಟ್ ಸರಿ ಇದೆ, ನಡುವಿನ ಕೊಂಡಿ ಮಾತ್ರ ಇಲ್ಲ ಅಂದರು. ಕಾರಿನ ಪ್ರಯಾಣಕ್ಕೆ ಕಾಗದ ಹುಟ್ಟುವುದಿಲ್ಲ. ಬಸ್ ಟಿಕೆಟ್ ತೋರಿಸಿದರೆ ಆಗುತ್ತಾ ಅಂತ ಕೇಳಿದೆ. ತಾನು ಒಪ್ಪುವುದಿಲ್ಲ, ಹೆಸರು ದಿನ ಎಲ್ಲ ಇರುವ ವಿಮಾನದ ಟಿಕೆಟ್ಟೇ ಬೇಕು ಅಂದರು. ಕೌಂಟರ್ ಮುಚ್ಚಲು ಜಾಸ್ತಿ ಹೊತ್ತಿರಲಿಲ್ಲ. ಅತ್ತೆಯ ಮಗನಿಗೆ ಫೋನ್ ಮಾಡಿದೆ. ಅವನು ಅಲ್ಲಿಂದಲೇ ಕೌಲಾಲಂಪುರದಿಂದ ಸಿಂಗಪುರಕ್ಕೆ ಒಂದು ಟಿಕೆಟ್ ಕೊಂಡು ಕಳಿಸಿದ. ಹುಡುಗಿ ನೋಡಿದ್ದು ಮೂರೇ ವಿಷಯ. ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಇದೆಯಾ, ದಿನಾಂಕ 30 ದಿನದ ಒಳಗಿದೆಯಾ, ಟಿಕೆಟ್ ನಂಬರ್ ಇದೆಯಾ. ಆ ಮೂರನೆಯದು ಮುಖ್ಯ. ಆರು ಅಕ್ಷರದ ಪಿಎನ್‌ಆರ್ ಬರೀ ಸೀಟು ಹಿಡಿದಿಟ್ಟದ್ದಕ್ಕೂ ಸಿಗುತ್ತದೆ. ದುಡ್ಡು ಕಟ್ಟಿದರೆ ಮಾತ್ರ ಹದಿಮೂರು ಅಂಕಿಯ ಇ-ಟಿಕೆಟ್ ನಂಬರ್ ಬರುತ್ತದೆ. ಕೆಲವು ಅಗ್ಗದ ಕಂಪನಿಗಳು ಪಿಎನ್‌ಆರ್ ಒಂದನ್ನೇ ಕೊಡುತ್ತವೆ, ಅವರದ್ದಾದರೆ ಹಣ ಸಂದಾಯವಾದದ್ದು ಕಾಣಬೇಕು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನೆಂಟರೊಬ್ಬರು "ನೂರಾರು ರೂಪಾಯಿಗೆ ಡಮ್ಮಿ ಟಿಕೆಟ್ ಸಿಗ್ತಿತ್ತಲ್ಲ" ಅಂದರು. ಅವರು ಎಲ್ಲದಕ್ಕೂ ಹೀಗೇ ಒಂದು ಒಳದಾರಿ ಹುಡುಕುವವರು. ನನಗೆ ಸಿಟ್ಟು ಬಂತು. ಹಾಗೆ ಹಿಡಿದಿಟ್ಟ ಸೀಟು ಒಂದೆರಡು ದಿನದಲ್ಲಿ ತಾನಾಗಿ ರದ್ದಾಗುತ್ತದೆ. ಅಲ್ಲಿನ ಅಧಿಕಾರಿ ಪಿಎನ್‌ಆರ್ ಹಾಕಿ ನೋಡಿ, ಏನೂ ಸಿಗದಿದ್ದರೆ? ಇನ್ನು ಕೆಲವರು ಪಿಡಿಎಫ್ ತಿದ್ದಿ ಕೊಡುತ್ತಾರೆ. ಅದು ನೇರ ಮೋಸ. ಎಪ್ಪತ್ತು ದಾಟಿದ ಹೆಂಗಸಿನ ಕೈಯಲ್ಲಿ ಅಂಥದ್ದನ್ನು ಇಟ್ಟು ಕಳಿಸುವುದೇ?

ಕೌಲಾಲಂಪುರದಲ್ಲಿ ಅಧಿಕಾರಿ ಎಷ್ಟು ದಿನ, ಯಾರ ಮನೆ ಅಂತ ಕೇಳಿ ಬಿಟ್ಟರು. ಟಿಕೆಟ್ ಕೇಳಲಿಲ್ಲ. "ನೋಡು, ಕೇಳಲೇ ಇಲ್ಲ. ಆ ಹುಡುಗಿಗೆ ಮಾತ್ರ ನನ್ನ ಮೇಲೆ ಅನುಮಾನ" ಅಂದರು ಅತ್ತೆ. ಅವರ ನೋವು ದುಡ್ಡಿನದ್ದಲ್ಲ. ಮಗನ ಮನೆಗೆ ಹೋಗುವ ತಾಯಿಯನ್ನು ಅಲ್ಲೇ ಉಳಿದುಬಿಡುವವಳ ಹಾಗೆ ನೋಡಿದರಲ್ಲ ಎಂಬುದು. ನನಗೂ ಸಂಕಟವಾಯಿತು.

ಆದರೆ ಭಾರತೀಯ ಪಾಸ್‌ಪೋರ್ಟ್ ಹಿಡಿದವರ ಬಗ್ಗೆ ಈ ಹೊತ್ತಿನಲ್ಲಿ ಕೌಂಟರುಗಳು ಯಾಕೆ ಹೆದರುತ್ತವೆ ಎಂಬುದೂ ಗೊತ್ತಿರಲಿ. ಇರಾನ್ 2024ರ ಫೆಬ್ರವರಿಯಲ್ಲಿ ನಮಗೆ ವೀಸಾ ವಿನಾಯಿತಿ ಕೊಟ್ಟಿತು. ಏಜೆಂಟರು ಕೆಲಸದ ಆಸೆ ತೋರಿಸಿ ಜನರನ್ನು ಅಲ್ಲಿಗೆ ಸಾಗಿಸಿದರು, ಅಲ್ಲಿ ಇಳಿದವರನ್ನು ಅಪಹರಿಸಿ ಮನೆಯವರಿಂದ ಹಣ ಕೇಳಿದ ಪ್ರಕರಣಗಳಾದವು. 2025ರ ನವೆಂಬರ್ 22ರಿಂದ ಇರಾನ್ ಆ ವಿನಾಯಿತಿಯನ್ನೇ ನಿಲ್ಲಿಸಿತು. ಥಾಯ್ಲೆಂಡ್ ದಾರಿಯಾಗಿ ಮ್ಯಾನ್ಮಾರಿನ ಮ್ಯಾವಡ್ಡಿಯ ಆನ್‌ಲೈನ್ ವಂಚನೆ ಕೇಂದ್ರಗಳಿಗೆ ಹೋಗಿ ಸಿಕ್ಕಿಬಿದ್ದವರಲ್ಲಿ 283 ಜನರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಇಂಥವರನ್ನು ಒಂದು ವಾಪಸ್ ಟಿಕೆಟ್ ಕಾಪಾಡುತ್ತದೆ ಅಂತ ನಾನು ನಂಬುವುದಿಲ್ಲ. ಸಾಗಿಸುವ ಏಜೆಂಟನಿಗೆ ಒಂದು ಟಿಕೆಟ್ ಕೊಡಿಸುವುದು ಕಷ್ಟವಲ್ಲ. ಟಿಕೆಟ್ ಯಾರ ಮನಸ್ಸನ್ನೂ ತೋರಿಸುವುದಿಲ್ಲ. ವಾಪಸ್ ಕರೆತರುವ ಖರ್ಚು ಯಾರದ್ದು ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರ.

ಹಾಗಿರುವಾಗ ನನ್ನ ಬೇಸರ ಕೌಂಟರಿನ ಹುಡುಗಿಯ ಮೇಲಲ್ಲ, ಟಿಕೆಟ್ ಮಾರುವ ಪುಟದ ಮೇಲೆ. ಅಂತರರಾಷ್ಟ್ರೀಯ ಟಿಕೆಟ್ ಕೊಳ್ಳುವಾಗ ಎಷ್ಟೋ ಕಡೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುತ್ತಾರೆ. ಒಂದೇ ಕಡೆಯ ಪ್ರಯಾಣ ಎಂಬುದು ಅವರಿಗೆ ಗೊತ್ತು. ಎಲ್ಲಿಗೆ ಎಂಬುದೂ ಗೊತ್ತು. ಕೌಂಟರಿನಲ್ಲಿ ಒತ್ತಿದ್ದೂ ಬಹುತೇಕ ಇವನ್ನೇ. "ಈ ಪಾಸ್‌ಪೋರ್ಟಿಗೆ ಆ ದೇಶದಿಂದ ಹೊರಗೆ ಹೋಗುವ ಟಿಕೆಟ್ ಕೇಳುತ್ತಾರೆ, ಕಾರು ಬಸ್ಸು ನಡೆಯದೆ ಇರಬಹುದು" ಅಂತ ಹಣ ಕಟ್ಟುವ ಗುಂಡಿಯ ಮೇಲೆ ಒಂದು ಸಾಲು ದೊಡ್ಡದಾಗಿ ಹಾಕಲು ಏನು ಕಷ್ಟ? ಅಷ್ಟು ಇದ್ದಿದ್ದರೆ ಅತ್ತೆ ಮನೆಯಲ್ಲೇ ಕೂತು ಮಗನ ಜೊತೆ ಮಾತಾಡಿ, ಬೇಕಾದ ದಿನಕ್ಕೆ, ಬೇಕಾದ ಬೆಲೆಗೆ ಟಿಕೆಟ್ ತೆಗೆಸುತ್ತಿದ್ದರು. ಆ ಹುಡುಗಿಯೂ ಯಾರದೋ ಬೈಗುಳ ಕೇಳಬೇಕಿರಲಿಲ್ಲ. ನಮಗೆ ಟಿಕೆಟ್ ಮಾರಿದ ಕಂಪನಿಗೆ ಇದನ್ನೇ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.