ಸಮುದ್ರ ವಾಲಿದ ಗೋಡೆ

“ನೋಟ್‌ಬುಕ್ಕಿನಷ್ಟು ಕಾಗದದಲ್ಲಿರೋ ಚಿತ್ರ ಅಷ್ಟು ದೊಡ್ಡ ಗೋಡೆ ಮೇಲೆ ಅಳತೆ ತಪ್ಪದೆ ಹೇಗೆ ಬರುತ್ತೆ? ಪ್ರೊಜೆಕ್ಟರ್ ಇಡ್ತೀರಾ?”

ಇಲ್ಲ, ಚೌಕ ಹಾಕುತ್ತೇನೆ. ಪ್ರೊಜೆಕ್ಟರಿಗೆ ಕತ್ತಲೆ ಬೇಕು, ಗೋಡೆಯ ಮುಂದೆ ಜಾಗವೂ ಬೇಕು. ಮುಂಬೈಯ ಶಾಲೆಗಳ ಅಂಗಳದಲ್ಲಿ ಹಗಲು ಹೊತ್ತು ಎರಡೂ ಸಿಗುವುದು ಕಷ್ಟ. ಚೌಕವಾದರೆ ಮಕ್ಕಳೂ ಕೈ ಹಾಕಬಹುದು.

ಇಲ್ಲಿನ ಒಂದು ಕನ್ನಡ ಶಾಲೆಯ ಗೋಡೆಯನ್ನೇ ಹೇಳುತ್ತೇನೆ. ಚಿತ್ರ 6 ಮೀಟರ್ ಉದ್ದ, 3 ಮೀಟರ್ ಎತ್ತರ. ಹಿಂದೆ ಕಡಲು, ಎಡಕ್ಕೆ ಯಕ್ಷಗಾನದ ವೇಷ, ಬಲಕ್ಕೆ ಮೀನಿನ ದೋಣಿ. ಉದ್ದ ಎತ್ತರದ ಎರಡರಷ್ಟು, ಹಾಗಾಗಿ ಕಾಗದದಲ್ಲೂ ಅದೇ ಲೆಕ್ಕ: 24 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರ. ಹಾಳೆ ತುಂಬ ಬರೆದುಬಿಟ್ಟರೆ ಗೋಡೆಗೆ ಹೊಂದುವುದಿಲ್ಲ. ಮೊದಲು ಗೋಡೆ ಅಳೆಯಬೇಕು, ಆಮೇಲೆ ಚಿತ್ರ ಬರೆಯಬೇಕು. ಕಾಗದದಲ್ಲಿ 2 ಸೆಂ.ಮೀ. ಚೌಕ, ಗೋಡೆಯಲ್ಲಿ 50 ಸೆಂ.ಮೀ. ಚೌಕ. ಎರಡರಲ್ಲೂ 12 ಕಂಬಸಾಲು, 6 ಅಡ್ಡಸಾಲು. ಅಂದರೆ ಎಲ್ಲವೂ 25 ಪಟ್ಟು. ಕಾಗದದ ಒಂದು ಮಿಲಿಮೀಟರ್ ತಪ್ಪು ಗೋಡೆಯಲ್ಲಿ ಎರಡೂವರೆ ಸೆಂಟಿಮೀಟರ್ ಆಗುತ್ತದೆ.

ನಾನು ಎಡವಿದ್ದು ಇಲ್ಲಲ್ಲ, ಗೋಡೆಯ ಮೊದಲ ಗೆರೆಯಲ್ಲಿ. ಮಳೆನೀರು ಸಿಡಿಯುವ ಕೆಳಭಾಗ ಬಿಡೋಣ ಎಂದು ಎರಡೂ ತುದಿಯಲ್ಲಿ ನೆಲದಿಂದ 30 ಸೆಂ.ಮೀ. ಅಳೆದು ಗೆರೆ ಎಳೆದೆ. ಉಳಿದ ಅಡ್ಡಗೆರೆಗಳನ್ನೆಲ್ಲ ಅದರಿಂದಲೇ ಅಳೆದೆ. ಕಂಬಗೆರೆಗೆ ಮಾತ್ರ ತೂಕದ ಗುಂಡು ಇಳಿಬಿಟ್ಟೆ. ಇಲ್ಲಿನ ಗಾರೆಯವರು ಅದನ್ನು ಓಳಂಬಾ ಅನ್ನುತ್ತಾರೆ. ಚೌಕಗಳು ಕಣ್ಣಿಗೆ ಸರಿಯಾಗಿಯೇ ಇದ್ದವು. ಕಡಲಿನ ಅಂಚು ಎಳೆದು ಅಂಗಳದ ಆಚೆ ತುದಿಗೆ ಹೋಗಿ ನೋಡಿದರೆ ಸಮುದ್ರ ಬಲಕ್ಕೆ ವಾಲಿತ್ತು! ಪಕ್ಕದ ಕಿಟಕಿಯ ಚೌಕಟ್ಟು ಅದನ್ನು ಇನ್ನೂ ಎತ್ತಿ ತೋರಿಸುತ್ತಿತ್ತು. ನೀರು ಹರಿದುಹೋಗಲೆಂದು ಅಂಗಳದ ನೆಲಕ್ಕೇ ಇಳಿಜಾರು ಕೊಟ್ಟಿದ್ದರು. 6 ಮೀಟರಿಗೆ 7 ಸೆಂ.ಮೀ. ಇಳಿತ. ಕಾಲ ಕೆಳಗೆ ಅದು ಗೊತ್ತೇ ಆಗುವುದಿಲ್ಲ.

ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಸರಿಯಾದ 6 ಮತ್ತು 3 ಮೀಟರಿನ ಚೌಕಟ್ಟಿನಲ್ಲಿ ಎರಡೂ ಕರ್ಣ 6 ಮೀಟರ್ 71 ಸೆಂ.ಮೀ. ಬರಬೇಕು. ನನ್ನದರಲ್ಲಿ ಒಂದು 6.74, ಇನ್ನೊಂದು 6.68. ಕರ್ಣಗಳು ಸಮ ಇಲ್ಲ ಎಂದರೆ ಮೂಲೆಗಳು ನೆಟ್ಟಗಿಲ್ಲ. ಆದರೆ ಕರ್ಣ ಸಮ ಇದ್ದ ಮಾತ್ರಕ್ಕೆ ಸಾಲದು, ಇಡೀ ಚೌಕಟ್ಟೇ ವಾಲಿರಬಹುದು. ಅದಕ್ಕೇ ಲೆವೆಲ್ ಬೇಕು.

ಗೆರೆಗಳನ್ನೆಲ್ಲ ಒರೆಸಿದೆವು. ಈ ಸಲ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲವೆಂದು ನೋಡಿಕೊಂಡು, ಎರಡು ತುದಿಯನ್ನು ಗೋಡೆಯ ಎರಡು ಕಡೆ ಹಿಡಿದೆವು. ನೀರು ನಿಂತ ಮಟ್ಟವೇ ಲೆವೆಲ್. ನೆಲ ಎತ್ತರವಿರುವ ಕಡೆ 30 ಸೆಂ.ಮೀ., ತಗ್ಗಿರುವ ಕಡೆ 37 ಬಂತು. ಆ ಗೆರೆಯ ಮೇಲೆ ಟೇಪನ್ನು ಒಮ್ಮೆ ಉದ್ದಕ್ಕೆ ಹಿಡಿದು 50, 100, 150 ಎಂದು ಎಲ್ಲ ಗುರುತನ್ನೂ ಸೊನ್ನೆಯಿಂದಲೇ ಹಾಕಿದೆವು. ಅರ್ಧ ಮೀಟರಿನ ಕೋಲನ್ನು ಸರಿಸುತ್ತಾ ಹೋದರೆ ಪ್ರತಿ ಸಲದ 3 ಮಿಲಿಮೀಟರ್ ತಪ್ಪು 12 ಸಲಕ್ಕೆ ಮೂರೂವರೆ ಸೆಂಟಿಮೀಟರ್ ಆಗಿಬಿಡುತ್ತದೆ.

ಗೆರೆ ಎಳೆಯುವುದು ದಾರದಲ್ಲಿ. ದಾರಕ್ಕೆ ಚಾಕ್‌ಪೀಸಿನ ಪುಡಿ ಹಚ್ಚಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಜಗ್ಗಿ ಬಿಟ್ಟರೆ ಪಟ್ ಎಂದು ಗೆರೆ ಮೂಡುತ್ತದೆ. ಕೆಂಪು ಪುಡಿ ಬೇಡ, ಅದರ ಕಲೆ ಹೋಗುವುದಿಲ್ಲ. ಪೆನ್ಸಿಲ್ಲೂ ಬೇಡ. ಹಳದಿಯಂಥ ತಿಳಿ ಬಣ್ಣದ ಅಡಿಯಿಂದ ಇಣುಕುತ್ತದೆ.

ಆಮೇಲಿನದು ಮಕ್ಕಳ ಕೆಲಸ. ಕಂಬಸಾಲಿಗೆ 1ರಿಂದ 12, ಅಡ್ಡಸಾಲಿಗೆ ಕ, ಖ, ಗ, ಘ, ಚ, ಛ ಎಂದು ಎರಡೂ ಕಡೆ ಬರೆದೆವು. ನಾನು ಅವರಿಗೆ ಹೇಳಿದ್ದು ಒಂದೇ: ದೋಣಿ ನೋಡಬೇಡಿ, ಗೆರೆ ಚೌಕದ ಅಂಚನ್ನು ಎಲ್ಲಿ ಮುಟ್ಟುತ್ತದೆ ಅದನ್ನು ನೋಡಿ. ಘ-9ರಲ್ಲಿ ದೋಣಿಯ ಮೂತಿಯ ಗೆರೆ ಎಡ ಅಂಚನ್ನು ಸರಿಯಾಗಿ ನಡುವೆ ಮುಟ್ಟಿ, ಮೇಲಿನ ಅಂಚಿನ ಮುಕ್ಕಾಲು ಭಾಗದಲ್ಲಿ ಹೊರಗೆ ಹೋಗುತ್ತದೆ. ಗೋಡೆಯಲ್ಲಿ ಅದು ಕೆಳಗಿನಿಂದ 25 ಸೆಂ.ಮೀ., ಎಡದಿಂದ 37 ಚಿಲ್ಲರೆ. ಮೊದಲು ಆ ಎರಡು ಚುಕ್ಕೆ, ಆಮೇಲೆ ಬಾಗಿದ ಗೆರೆ.

ವೇಷದ ಮುಖಕ್ಕೆ ಮಾತ್ರ 50ರ ಚೌಕ ದೊಡ್ಡದಾಯಿತು. ಕಣ್ಣು, ಮೂಗು ಒಂದೇ ಚೌಕದಲ್ಲಿ ಬಂದರೆ ಹಿಡಿದುಕೊಳ್ಳಲು ಅಂಚೇ ಇರುವುದಿಲ್ಲ, ಅಲ್ವಾ? ಆ ಚೌಕಗಳನ್ನಷ್ಟೇ ಕಾಗದದಲ್ಲೂ ಗೋಡೆಯಲ್ಲೂ ನಾಲ್ಕು ಭಾಗ ಮಾಡಿದೆವು.

ಗೋಡೆಗೆ ಮೂಗು ತಾಗಿಸಿ ಬರೆಯುವಾಗ ಒಂದು ಸಾಲು ಜಾರಿದ್ದೂ ತಿಳಿಯುವುದಿಲ್ಲ. ದೋಣಿಯ ಹುಟ್ಟು 11ರ ಬದಲು 12ರಲ್ಲಿ ಬಂದಿತ್ತು. ಹತ್ತು ಹೆಜ್ಜೆ ಹಿಂದೆ ಹೋಗಿ ಫೋನಿನಲ್ಲಿ ಫೋಟೋ ತೆಗೆದು ಕಾಗದದ ಪಕ್ಕ ಹಿಡಿದ ಹುಡುಗಿ “ಟೀಚರ್, ಇದು ಪಕ್ಕದ ಮನೇಲಿದೆ” ಅಂದಳು. ಬಣ್ಣ ಇನ್ನೂ ಹಾಕಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ 11ಕ್ಕೆ ತಂದಳು.